ಪ್ರಾಕ್ಸಿ, ವಿಪಿಎನ್, ಟಾರ್: ನಮ್ಮ ಸ್ಥಳ ಯಾರಿಗೆ ತಿಳಿಯುತ್ತದೆ?

ಪ್ರಶ್ನೆ: ಸ್ಥಳ ಮರೆಮಾಡಲು ಬಳಸುವ ವಿಪಿಎನ್, ಪ್ರಾಕ್ಸಿ ಮತ್ತು ಟಾರ್ ನಡುವೆ ನಿಜವಾದ ವ್ಯತ್ಯಾಸವೇನು? ನಾನು ಬ್ರೌಸರ್‌ನಲ್ಲಿ ಪ್ರಾಕ್ಸಿ ಹಾಕಿಕೊಂಡ ಮೇಲೆ ಬೇರೆ ದೇಶದ ಐಪಿ ವಿಳಾಸ ಕಾಣಿಸಿತು. ಆದರೆ ಅದೇ ಕಂಪ್ಯೂಟರಿನ ಮೇಲ್ ತಂತ್ರಾಂಶದಿಂದ ಲಾಗಿನ್ ಆದಾಗ ಬಂದ ಎಚ್ಚರಿಕೆಯಲ್ಲಿ ನನ್ನ ಊರಿನ ಹೆಸರೇ ಇತ್ತು.

ಜಾಲ ಸುರಕ್ಷತಾ ಎಂಜಿನಿಯರ್: ಪ್ರಾಕ್ಸಿ ಎಂದರೆ ನಿಮ್ಮ ಪರವಾಗಿ ಜಾಲತಾಣವನ್ನು ಸಂಪರ್ಕಿಸುವ ಮಧ್ಯವರ್ತಿ ಸರ್ವರ್. ಅದರ ವಿಳಾಸವನ್ನು ನೀವು ಕೊಟ್ಟದ್ದು ಬ್ರೌಸರ್‌ಗೆ ಮಾತ್ರ. ಮೇಲ್ ತಂತ್ರಾಂಶಕ್ಕೆ ಅದರ ಸುಳಿವೇ ಇಲ್ಲದ ಕಾರಣ ಅದು ಎಂದಿನಂತೆ ನೇರವಾಗಿ ಸಂಪರ್ಕಿಸಿ ನಿಮ್ಮ ನಿಜವಾದ ಐಪಿ ವಿಳಾಸವನ್ನು ತೋರಿಸಿದೆ. ಬ್ರೌಸರ್‌ನ ಒಳಗೂ ಪೂರ್ಣ ಭರವಸೆಯಿಲ್ಲ. ವಿಡಿಯೊ ಕರೆಗಳಿಗೆ ಬಳಸುವ ವೆಬ್‌ಆರ್‌ಟಿಸಿ ಎಂಬ ವ್ಯವಸ್ಥೆ ಕೆಲವೊಮ್ಮೆ ಪ್ರಾಕ್ಸಿಯನ್ನು ಬಿಟ್ಟು ನೇರ ದಾರಿ ಹಿಡಿಯುತ್ತದೆ.

ವಿಪಿಎನ್ ಕೆಲಸ ಮಾಡುವುದು ಕಾರ್ಯಾಚರಣೆ ವ್ಯವಸ್ಥೆಯ ಮಟ್ಟದಲ್ಲಿ. ಸಾಮಾನ್ಯವಾಗಿ ಎಲ್ಲ ತಂತ್ರಾಂಶಗಳ ದತ್ತಾಂಶವೂ ಗೂಢಲಿಪಿಯಾಗಿ ವಿಪಿಎನ್ ಸರ್ವರ್ ತಲುಪಿ, ಅಲ್ಲಿಂದ ಮುಂದಕ್ಕೆ ಸಾಗುತ್ತದೆ. ನಿಮ್ಮ ಇಂಟರ್ನೆಟ್ ಕಂಪನಿಗೆ ನೀವು ಆ ಒಂದು ಸರ್ವರ್ ಜೊತೆ ಸಂಪರ್ಕದಲ್ಲಿದ್ದೀರಿ ಎಂಬುದಷ್ಟೇ ಕಾಣುತ್ತದೆ. ನೀವು ತೆರೆದ ಜಾಲತಾಣಕ್ಕೆ ಸರ್ವರ್‌ನ ವಿಳಾಸ ಮಾತ್ರ ಕಾಣುತ್ತದೆ. ಆದರೆ ವಿಪಿಎನ್ ನಡೆಸುವವರಿಗೆ ಎರಡು ತುದಿಗಳೂ ತಿಳಿದಿರುತ್ತವೆ: ನೀವು ಎಲ್ಲಿಂದ ಬಂದಿರಿ, ಎಲ್ಲಿಗೆ ಹೋದಿರಿ. ದಾಖಲೆ ಇಡುವುದಿಲ್ಲವೆಂಬ ಅವರ ಮಾತನ್ನು ಹೊರಗಿನಿಂದ ಪರೀಕ್ಷಿಸುವುದು ನಮಗೆ ಬಹುಮಟ್ಟಿಗೆ ಅಸಾಧ್ಯ. ಈ ವಿಷಯದಲ್ಲಿ ಪ್ರಾಕ್ಸಿಯ ಸ್ಥಿತಿಯೂ ಇದೇ.

ಟಾರ್ ರೂಪುಗೊಂಡದ್ದು ಈ ತೊಡಕಿಗೆ ಪರಿಹಾರವಾಗಿ. ಅದರಲ್ಲಿ ಸಂಪರ್ಕವು ಬೇರೆ ಬೇರೆ ಸ್ವಯಂಸೇವಕರು ನಡೆಸುವ 3 ಸರ್ವರ್‌ಗಳನ್ನು ದಾಟಿ ಹೋಗುತ್ತದೆ. ಮೊದಲನೆಯದಕ್ಕೆ ನಿಮ್ಮ ವಿಳಾಸ ಗೊತ್ತು, ಆದರೆ ನೀವು ತೆರೆಯುವ ತಾಣ ಗೊತ್ತಿಲ್ಲ. ಕೊನೆಯದಕ್ಕೆ ತಾಣ ಗೊತ್ತು, ನೀವು ಯಾರೆಂಬುದು ಗೊತ್ತಿಲ್ಲ. ನಡುವಿನದು ತನ್ನ ಎರಡು ಬದಿಯ ಸರ್ವರ್‌ಗಳನ್ನಷ್ಟೇ ಬಲ್ಲದು. ಯಾರೊಬ್ಬರನ್ನೂ ಪೂರ್ತಿ ನಂಬಬೇಕಾಗಿಲ್ಲ ಎಂಬ ಈ ಒಂದು ಗುಣಕ್ಕಾಗಿಯೇ ನಾನು ಇದನ್ನು ಉಳಿದೆರಡಕ್ಕಿಂತ ಗಂಭೀರವಾಗಿ ಪರಿಗಣಿಸುತ್ತೇನೆ. ಸುತ್ತಿ ಬರುವ ಕಾರಣ ವೇಗ ಕಡಿಮೆ. ಟಾರ್ ಬ್ರೌಸರ್ ಕೂಡ ತನ್ನೊಳಗಿನ ಸಂಪರ್ಕವನ್ನಷ್ಟೇ ಮರೆಮಾಡುವುದರಿಂದ ನಿಮ್ಮ ಮೇಲ್ ತಂತ್ರಾಂಶದ ಸಮಸ್ಯೆ ಅಲ್ಲಿಯೂ ಹಾಗೆಯೇ ಉಳಿಯುತ್ತದೆ.

ಒಬ್ಬ ವಿದ್ಯಾರ್ಥಿ: ಹಾಗಿದ್ದರೆ ಟಾರ್ ಎಂದರೆ ಮೂರು ವಿಪಿಎನ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿದಂತೆ. ಅದನ್ನು ಬಳಸಿದರೆ ನಾವು ಏನು ಮಾಡುತ್ತಿದ್ದೇವೆ ಎಂಬುದು ಯಾರಿಗೂ ತಿಳಿಯುವುದಿಲ್ಲ, ಅಲ್ಲವೇ?

ಎಂಜಿನಿಯರ್: ಜೋಡಣೆಯ ಚಿತ್ರ ಸರಿಯಾಗಿದೆ, ಆದರೆ ಮೂವರೂ ಒಂದೇ ಸಂಸ್ಥೆಯವರಾಗಿರಬಾರದು ಎಂಬುದು ಅದರ ಜೀವಾಳ. ಎರಡನೆಯ ಮಾತನ್ನು ಒಪ್ಪಲಾರೆ. ಟಾರ್ ಸರ್ವರ್‌ಗಳ ಪಟ್ಟಿ ಬಹಿರಂಗವಾಗಿರುವುದರಿಂದ, ನೀವು ಟಾರ್ ಬಳಸುತ್ತಿರುವ ಸಂಗತಿ ನಿಮ್ಮ ಇಂಟರ್ನೆಟ್ ಕಂಪನಿಗೆ ಕಾಣುತ್ತದೆ. 2013ರ ಡಿಸೆಂಬರ್‌ನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆಯ ಮೇಲ್ ಬಂದಾಗ, ಅದನ್ನು ಕಳುಹಿಸಿದ ವಿದ್ಯಾರ್ಥಿ ಸಿಕ್ಕಿಬಿದ್ದದ್ದು ಟಾರ್‌ನ ಗೂಢಲಿಪಿ ಮುರಿದದ್ದರಿಂದಲ್ಲ. ಆ ಹೊತ್ತಿಗೆ ವಿಶ್ವವಿದ್ಯಾಲಯದ ವೈಫೈ ಮೂಲಕ ಟಾರ್ ಬಳಸಿದವರು ಯಾರೆಂದು ದಾಖಲೆಗಳಿಂದ ತಿಳಿದದ್ದರಿಂದ, ಮತ್ತು ವಿಚಾರಣೆಯಲ್ಲಿ ಆತನೇ ಒಪ್ಪಿಕೊಂಡದ್ದರಿಂದ. ಬ್ರಿಡ್ಜ್ ಎಂಬ, ಪಟ್ಟಿಯಲ್ಲಿಲ್ಲದ ಪ್ರವೇಶ ಸರ್ವರ್‌ಗಳಿವೆ. ಅವು ಈ ಸುಳಿವನ್ನು ಕಡಿಮೆ ಮಾಡುತ್ತವೆ.

ಇನ್ನೊಬ್ಬ ಸದಸ್ಯೆ: ನನ್ನ ಫೋನಿನಲ್ಲಿ ಹಣ ಕೊಟ್ಟು ಪಡೆದ ವಿಪಿಎನ್ ಇದೆ. ಅದನ್ನು ಚಾಲೂ ಮಾಡಿದ್ದರೂ ನಕ್ಷೆಯ ಆ್ಯಪ್ ನನ್ನ ಬೀದಿಯನ್ನೇ ತೋರಿಸುತ್ತದೆ. ಕಂಪನಿ ನನಗೆ ಮೋಸ ಮಾಡಿದೆ ಎಂದೇ ನನ್ನ ಭಾವನೆ.

ಎಂಜಿನಿಯರ್: ಇಲ್ಲಿ ಮೋಸವಾಗಿರುವ ಸಾಧ್ಯತೆ ಕಡಿಮೆ, ಮೇಡಂ. ಬೀದಿಯ ಮಟ್ಟದ ನಿಖರತೆ ಐಪಿ ವಿಳಾಸದಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ಅದರಿಂದ ಊರಿನ ಅಂದಾಜು ಸಿಗಬಹುದು, ಅದೂ ಅನೇಕ ಬಾರಿ ತಪ್ಪಾಗಿರುತ್ತದೆ. ನಕ್ಷೆಯ ಆ್ಯಪ್ ಜಿಪಿಎಸ್ ಮತ್ತು ಸುತ್ತಮುತ್ತಲಿನ ವೈಫೈ ರೌಟರ್‌ಗಳ ಗುರುತುಗಳನ್ನು ಫೋನಿನಿಂದಲೇ ಪಡೆಯುತ್ತದೆ. ಆ ಆ್ಯಪ್‌ಗೆ ಕೊಟ್ಟಿರುವ ಸ್ಥಳದ ಅನುಮತಿಯನ್ನು ಹಿಂಪಡೆದು ಮತ್ತೆ ತೆರೆದು ನೋಡಿ. ಬೀದಿ ಮಾಯವಾಗಿ ವಿಪಿಎನ್ ಸರ್ವರ್‌ನ ಊರು ಬಂದರೆ ವಿಪಿಎನ್ ಸರಿಯಾಗಿದೆ. ಹಳೆಯ ಊರೇ ಉಳಿದರೆ ಮಾತ್ರ ಸೋರಿಕೆ ಹುಡುಕಬೇಕು, ಅದಕ್ಕೂ ಮೊದಲು ನಿಮ್ಮ ಖಾತೆಯಲ್ಲಿ ಮನೆಯ ವಿಳಾಸ ಉಳಿಸಿದ್ದೀರಾ ಎಂದು ಗಮನಿಸಿ.

ಪ್ರಶ್ನೆ ಕೇಳಿದವರು: ಮೇಲ್ ತಂತ್ರಾಂಶಕ್ಕೆ ವಿಪಿಎನ್ ಸಾಕು ಎಂದು ಅರ್ಥವಾಯಿತು. ಮೊದಲು ವಿಪಿಎನ್ ಹಾಕಿ, ಅದರೊಳಗೆ ಟಾರ್ ಬ್ರೌಸರ್ ತೆರೆದರೆ ಇನ್ನೂ ಭದ್ರವೇ?

ಎಂಜಿನಿಯರ್: ಇಂಟರ್ನೆಟ್ ಕಂಪನಿಗೆ ಟಾರ್ ಕಾಣದಂತೆ ಮಾಡುವುದು ನಿಮ್ಮ ಉದ್ದೇಶವಾದರೆ ಲಾಭವಿದೆ, ಆದರೆ ಆಗ ನೀವು ಟಾರ್ ಬಳಸುವುದು ವಿಪಿಎನ್ ಕಂಪನಿಗೆ ಕಾಣುತ್ತದೆ. ಹಣ ಪಾವತಿಯ ದಾಖಲೆಯೊಂದಿಗೆ ನಿಮ್ಮನ್ನು ಬಲ್ಲ ಕಂಪನಿಯನ್ನು ಈ ದಾರಿಗೆ ಸೇರಿಸಲು ನಾನು ಹಿಂಜರಿಯುತ್ತೇನೆ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನೇ ಶಿಫಾರಸು ಮಾಡುತ್ತಾರೆ, ನಾವಿನ್ನೂ ಒಮ್ಮತಕ್ಕೆ ಬಂದಿಲ್ಲ.