"1 ಇಂಚಿನ ಸೆನ್ಸರ್": ಇಲ್ಲಿ "ಇಂಚಿನ" ಅನ್ನಬಹುದೇ?

ಕಾರವಾರದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮೂರ ಹುಡುಗರಿಗಾಗಿ ಫೋನಿನಲ್ಲಿ ಫೋಟೋ ತೆಗೆಯುವ ಬಗ್ಗೆ ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತಿದ್ದೇನೆ. ಕೆಲವು ದುಬಾರಿ ಫೋನುಗಳ ವಿವರದಲ್ಲಿ "1 ಇಂಚಿನ ಸೆನ್ಸರ್" ಎಂದು ಇರುತ್ತದೆ. ಸೆನ್ಸರ್ ಎಂದರೆ ಲೆನ್ಸಿನಿಂದ ಬಂದ ಬೆಳಕು ಬಿದ್ದು ಚಿತ್ರ ಮೂಡುವ ಚಿಪ್. ಎರಡು ಇಂಚಿನ ಮೊಳೆ ಎಂದರೆ ಅಳೆದಾಗ ಎರಡು ಇಂಚು ಬರಬೇಕು, ಅಲ್ವಾ? ಆದರೆ ಈ ಸೆನ್ಸರ್ 13.2 ಮಿ.ಮೀ. ಉದ್ದ, 8.8 ಮಿ.ಮೀ. ಅಗಲ. ಇಂಚು ಎಂದರೆ 25.4 ಮಿ.ಮೀ. ಹಾಗಿರುವಾಗ ಕನ್ನಡದಲ್ಲಿ "ಇಂಚಿನ" ಎಂದು ಬರೆದರೆ ಓದುವವರಿಗೆ ತಪ್ಪು ಹೇಳಿದಂತೆ ಆಗುವುದಿಲ್ಲವೇ?

ಶಿರಸಿಯಿಂದ:

ತಪ್ಪೇನಿಲ್ಲ. ಟಿವಿಯನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. 32 ಇಂಚಿನ ಟಿವಿ ಎಂದು ನಾವೆಲ್ಲ ಹೇಳುತ್ತೇವೆ. ಇದೂ ಹಾಗೆಯೇ ಇರಬೇಕು.

ಕಾರವಾರದಿಂದ:

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಮೂಲೆಯಿಂದ ಮೂಲೆಗೂ 15.9 ಮಿ.ಮೀ. ಮಾತ್ರ ಬರುತ್ತದೆ.

ಕುಮಟಾದಿಂದ:

ಹಳೆಯ ಟಿವಿ ಕ್ಯಾಮರಾ ರಿಪೇರಿ ಮಾಡಿದ ಕೈ ನನ್ನದು. ಆ ಇಂಚು ಸೆನ್ಸರಿನದ್ದಲ್ಲ, ಗಾಜಿನ ಕೊಳವೆಯದ್ದು. 1950ರ ದಶಕದಲ್ಲಿ ಬಂದ ವಿಡಿಕಾನ್ ಕೊಳವೆಗಳಿಗೆ ಹೊರಗಿನ ದಪ್ಪದ ಮೇಲೆ ಹೆಸರಿಡುತ್ತಿದ್ದರು. ಒಂದು ಇಂಚು ದಪ್ಪದ ಕೊಳವೆಯೊಳಗೆ ಚಿತ್ರ ಮೂಡುವ ಜಾಗ ಮೂಲೆಯಿಂದ ಮೂಲೆಗೆ ಸುಮಾರು 16 ಮಿ.ಮೀ. ಇರುತ್ತಿತ್ತು. ಕೊಳವೆ ಹೋಗಿ ಚಿಪ್ ಬಂತು, ಹೆಸರು ಮಾತ್ರ ಉಳಿಯಿತು.

ನಿಮ್ಮ ಪುಸ್ತಿಕೆಯಲ್ಲಿ ಇನ್ನೊಂದು ವಿಷಯ ಬಿಡಬೇಡಿ. ಸೆನ್ಸರ್ ಅಳತೆ 1/1.3, 1/2 ಎಂದು ಭಿನ್ನರಾಶಿಯಲ್ಲಿರುತ್ತದೆ. 1.3ಕ್ಕಿಂತ 2 ದೊಡ್ಡದು ಎಂದು ಜನ 1/2 ಅನ್ನೇ ದೊಡ್ಡ ಸೆನ್ಸರ್ ಅಂದುಕೊಳ್ಳುತ್ತಾರೆ. ನಿಜ ಅದಕ್ಕೆ ಉಲ್ಟಾ. 1/2 ಇಂಚು ಎಂದು ಕರೆಯುವುದು 6.4 ಮಿ.ಮೀ. ಉದ್ದ, 4.8 ಮಿ.ಮೀ. ಅಗಲ ಇರುತ್ತದೆ. ಅದರ ಜಾಗ ಸುಮಾರು 31 ಚದರ ಮಿ.ಮೀ. ನಿಮ್ಮ 1 ಇಂಚಿನದ್ದು 116. ಲೆನ್ಸಿನ ಕಿಂಡಿ ಎಷ್ಟು ಬೆಳಕು ಬಿಡುತ್ತದೆ ಎಂದು ಹೇಳುವ ಎಫ್ ನಂಬರ್ ಎರಡರದ್ದೂ ಒಂದೇ ಇದ್ದರೆ, ಅಷ್ಟೇ ಹೊತ್ತಿನಲ್ಲಿ ದೊಡ್ಡದರ ಮೇಲೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು ಬೀಳುತ್ತದೆ. ಸಂಜೆಯ ನಂತರ ತೆಗೆದ ಫೋಟೋದಲ್ಲಿ ಕಾಳುಕಾಳು ಕಡಿಮೆ ಇರುವುದು ಇದರಿಂದ.

ಹೊನ್ನಾವರದಿಂದ:

ನನ್ನ ಪ್ರಶ್ನೆಗೂ ಯಾರಾದರೂ ಉತ್ತರ ಕೊಡಿ. ನನ್ನದು 108 ಮೆಗಾಪಿಕ್ಸೆಲ್ ಫೋನು. ಮೊನ್ನೆ ರಾತ್ರಿ ಯಕ್ಷಗಾನದ ಆಟದಲ್ಲಿ 108ರ ಮೋಡನ್ನೇ ಹಾಕಿ ಫೋಟೋ ತೆಗೆದೆ. ದಿಗಿಣ ಹಾಕುವಾಗ ವೇಷದವರ ಕೈ ಪೂರ್ತಿ ಕಲಸಿಹೋಯಿತು. ಇಷ್ಟು ಮೆಗಾಪಿಕ್ಸೆಲ್ ಇದ್ದೂ ಹೀಗೇಕೆ? ಸೆನ್ಸರ್ ಸಣ್ಣದಾ?

ಕುಮಟಾದಿಂದ:

ಆ ಫೋಟೋದಲ್ಲೇ ಹಿಂದೆ ಕೂತ ಭಾಗವತರ ಮುಖ ನೋಡಿ. ಅದು ಸ್ಪಷ್ಟ ಇದ್ದು ವೇಷ ಮಾತ್ರ ಕಲಸಿದ್ದರೆ, ಕುಣಿತದ ವೇಗಕ್ಕೆ ಶಟರ್ ಸಾಲಲಿಲ್ಲ ಎಂದರ್ಥ. ಭಾಗವತರೂ ಕಲಸಿದ್ದರೆ ನಿಮ್ಮ ಕೈ ಅಲುಗಿದೆ, ಇಲ್ಲವೇ ಫೋಕಸ್ ತಪ್ಪಿದೆ.

108ರ ಮೋಡಿನಿಂದ ರಾತ್ರಿ ಲಾಭವಿಲ್ಲ. ಮಾಮೂಲಿ ಮೋಡಿನಲ್ಲಿ ಇಂಥ ಫೋನು ಸೆನ್ಸರಿನ ಒಂಬತ್ತು ಚುಕ್ಕಿಗಳನ್ನು, ಅಂದರೆ ಪಿಕ್ಸೆಲ್‌ಗಳನ್ನು, ಸೇರಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. ಜೊತೆಗೆ ಒಂದರ ಹಿಂದೆ ಒಂದು ಹಲವು ಫೋಟೋ ತೆಗೆದು, ಒಂದರ ಮೇಲೊಂದು ಕೂರಿಸಿ ಕಾಳು ಅಳಿಸುತ್ತದೆ. ಕೂತ ಭಾಗವತರಿಗೆ ಈ ಉಪಾಯ ಚೆನ್ನಾಗಿ ಹಿಡಿಸುತ್ತದೆ. ಕುಣಿಯುವ ಕೈ ಪ್ರತಿ ಫೋಟೋದಲ್ಲೂ ಬೇರೆ ಜಾಗದಲ್ಲಿರುತ್ತದೆ. ಆಗ ಸಾಫ್ಟ್‌ವೇರ್ ಆ ಭಾಗವನ್ನು ಒಂದೇ ಫೋಟೋದಿಂದ ಎತ್ತಿಕೊಂಡು ಕಾಳು ಬಿಡುತ್ತದೆ, ಇಲ್ಲವೇ ಬೆರೆಸಲು ಹೋಗಿ ಎರಡೆರಡು ಕೈ ಮಾಡುತ್ತದೆ. ನನ್ನ ಮಾತು ಕೇಳಿ: ಪ್ರೊ ಮೋಡಿನಲ್ಲಿ ಶಟರ್ 1/125 ಸೆಕೆಂಡಿಗೆ ಇಟ್ಟು ನೋಡಿ. ಕಾಳು ಜಾಸ್ತಿ ಆಗುತ್ತದೆ, ಆದರೆ ಕೈ ಕೈಯಾಗಿ ಕಾಣುತ್ತದೆ. ದಿಗಿಣ ಮುಗಿಸಿ ಅವರು ಒಂದು ಕ್ಷಣ ನಿಲ್ಲುತ್ತಾರಲ್ಲ, ಆ ಹೊತ್ತಿಗೆ ಕಾದರೆ ಇನ್ನೂ ಒಳ್ಳೆಯದು.

ಸಿದ್ದಾಪುರದಿಂದ:

ಪದಕ್ಕೆ ವಾಪಸ್ ಬರೋಣ. ನಮ್ಮ ಅಡಿಕೆ ತೋಟದಲ್ಲಿ "ಅರ್ಧ ಇಂಚಿನ" ಜಿಐ ಪೈಪಿದೆ. ಅದರ ಹೊರಗಿನ ಅಳತೆ 21.3 ಮಿ.ಮೀ., ಒಳಗೆ ಸುಮಾರು 16. ನಿಜವಾದ ಅರ್ಧ ಇಂಚು ಎಂದರೆ 12.7. ಯಾವುದೂ ಸರಿಹೊಂದುವುದಿಲ್ಲ. ಆದರೂ ಅಂಗಡಿಯಲ್ಲಿ ಅರ್ಧ ಇಂಚಿನ ಪೈಪು ಎಂದೇ ಕೇಳುತ್ತೇವೆ, ಸರಿಯಾದದ್ದೇ ಸಿಗುತ್ತದೆ. ಕನ್ನಡದಲ್ಲಿ "ಇಂಚಿನ" ಎಂಬುದು ಅಳತೆಯೂ ಹೌದು, ಹೆಸರೂ ಹೌದು. ಹಾಗೇ ಬಿಡಿ.

ಕಾರವಾರದಿಂದ:

ಪೈಪಿನ ಉದಾಹರಣೆ ಬಹಳ ಹಿಡಿಸಿತು. ಆದರೂ ಪೂರ್ತಿ ಒಪ್ಪಲು ಆಗುತ್ತಿಲ್ಲ. ಪೈಪು ಕೊಳ್ಳುವವರು ಕೈಯಲ್ಲಿ ಹಿಡಿದು ನೋಡುತ್ತಾರೆ. ಸೆನ್ಸರನ್ನು ಯಾರೂ ಕಣ್ಣಾರೆ ನೋಡುವುದಿಲ್ಲ, ಆ ಹೆಸರನ್ನೇ ನಂಬಿ ಹಣ ಕೊಡುತ್ತಾರೆ. ಸದ್ಯಕ್ಕೆ "1 ಇಂಚು ನಂಬರಿನ ಸೆನ್ಸರ್" ಎಂದು ಬರೆದು, ಪಕ್ಕದಲ್ಲಿ ಮಿ.ಮೀ. ಕೊಡುತ್ತೇನೆ.

ಒಂಬತ್ತು ಚುಕ್ಕಿ ಸೇರಿಸಿ ಒಂದು ಮಾಡುವುದಕ್ಕೆ ಮಾತ್ರ ಪದ ಸಿಕ್ಕಿಲ್ಲ. "ಚುಕ್ಕಿಗೂಡಿಕೆ" ಎಂದು ಬರೆದಿಟ್ಟಿದ್ದೇನೆ. ಹುಡುಗರ ಬಾಯಲ್ಲಿ ಅದು ಹೊರಳುತ್ತದೆಯೇ?

ಶಿರಸಿಯಿಂದ:

ನನ್ನ ಮಗಳಿಗೆ ಓದಿಸಿದೆ. "ಇಂಗ್ಲಿಷಿನ ಬಿನ್ನಿಂಗ್ ಅಂತಲೇ ಬರೀರಿ" ಅಂದಳು. ನನಗೆ ಚುಕ್ಕಿಗೂಡಿಕೆಯೇ ಇಷ್ಟ.