ಪದಚರ್ಚೆ: ಬಾಂಡ್ ಯೀಲ್ಡ್ ಏರಿದರೆ ‘ಇಳುವರಿ ಹೆಚ್ಚಿತು’ ಅನ್ನಬಹುದೇ?

ಶಿವಮೊಗ್ಗದಿಂದ ಪ್ರಶ್ನೆ: ಷೇರು ವ್ಯವಹಾರ ಮಾಡುವವರಿಗೆ ಟಿಪ್ಪಣಿ ಬರೆಯಬೇಕಿದೆ. 10 ವರ್ಷದ ಸರ್ಕಾರಿ ಬಾಂಡಿನ ಯೀಲ್ಡ್‌ಗೆ, ಅಂದರೆ ಅದನ್ನು ಇಂದಿನ ಪೇಟೆ ಬೆಲೆಗೆ ಕೊಂಡವರಿಗೆ ವರ್ಷಕ್ಕೆ ಶೇಕಡಾ ಎಷ್ಟು ಸಿಗುತ್ತದೆ ಎಂಬುದಕ್ಕೆ, ಪತ್ರಿಕೆಗಳಲ್ಲಿ ‘ಇಳುವರಿ’, ‘ಗಳಿಕೆ’ ಎರಡೂ ಕಾಣುತ್ತವೆ. ಯಾವುದು ಸರಿ? ‘ರಿಸ್ಕ್ ಅಪೆಟೈಟ್’ಗೆ ಏನನ್ನೋಣ? ‘ಅಪಾಯದ ಹಸಿವು’ ಕೇಳಿದರೆ ನಗು ಬರುತ್ತದೆ.

ತೀರ್ಥಹಳ್ಳಿಯಿಂದ: ನಮ್ಮಲ್ಲಿ ಇಳುವರಿ ಅಂದರೆ ಎಕರೆಗೆ ಎಷ್ಟು ಕ್ವಿಂಟಲ್ ಅಡಿಕೆ ಅಂತ. ಹೆಚ್ಚಿದರೆ ಖುಷಿ. ಹಾಗಾದರೆ ಸೊಸೈಟಿಯಲ್ಲಿರುವ ನನ್ನ ಎಫ್‌ಡಿ ಬಡ್ಡಿಯೂ ಏರುತ್ತದಾ?

ಸಾಗರದಿಂದ: ‘ಗಳಿಕೆ’ ಸಾಕು. ಗಳಿಕೆ ಏರಿದರೆ ಜನ ಬಾಂಡ್ ಮಾರಿ ಷೇರಿಗೆ ಬಂದರು, ಇಳಿದರೆ ಹೆದರಿ ಬಾಂಡಿಗೆ ಓಡಿದರು. ಚಾರ್ಟ್ ಓದುವುದು ಅಷ್ಟೇ.

ಶಿವಮೊಗ್ಗದಿಂದ ಇನ್ನೊಬ್ಬರು: ತೀರ್ಥಹಳ್ಳಿಯವರೇ, ಈಗಾಗಲೇ ಇಟ್ಟ ಎಫ್‌ಡಿಗೆ ಅವಧಿ ಮುಗಿಯುವವರೆಗೂ ಅದೇ ಬಡ್ಡಿ. ಬಾಂಡ್ ಇಟ್ಟುಕೊಂಡವರಿಗಂತೂ ಯೀಲ್ಡ್ ಏರಿದರೆ ನಷ್ಟವೇ ಕಾಣುತ್ತದೆ. 100 ರೂಪಾಯಿಯ, ಶೇ 7 ಬಡ್ಡಿಯ, 10 ವರ್ಷದ ಬಾಂಡಿನ ಯೀಲ್ಡ್ ಶೇ 7.5ಕ್ಕೆ ಏರಿತು ಅಂದರೆ ಅದರ ಪೇಟೆ ಬೆಲೆ ಸುಮಾರು 96.50ಕ್ಕೆ ಇಳಿದಿದೆ ಅಂತ. ಹಾಗಾಗಿ ‘ಇಳುವರಿ’ ನಮ್ಮ ಕಡೆ ದಾರಿ ತಪ್ಪಿಸುತ್ತದೆ. ನಾನಾದರೆ ‘ಯೀಲ್ಡ್’ ಅಂತಲೇ ಬರೆದು, ಪಕ್ಕದಲ್ಲಿ ಬೆಲೆ ಯಾವ ಕಡೆ ಹೋಯಿತೆಂದು ಹೇಳುತ್ತೇನೆ.

ಸಾಗರದವರ ಮಾತು ಅರ್ಧ ಸರಿ. 2020ರ ಮಾರ್ಚ್‌ನಲ್ಲಿ ಅಮೆರಿಕದ 10 ವರ್ಷದ ಯೀಲ್ಡ್ ಮೊದಲ ಬಾರಿಗೆ ಶೇ 1ಕ್ಕಿಂತ ಕೆಳಗೆ ಬಂತು, ಷೇರುಗಳೂ ಕುಸಿದವು. ಅದು ಭಯ. ಆದರೆ 2022ರಲ್ಲಿ ಅದೇ ಯೀಲ್ಡ್ ಶೇ 4 ದಾಟಿದಾಗಲೂ ಷೇರು ಬಿದ್ದವು, ಏಕೆಂದರೆ ಆಗ ಹಣದುಬ್ಬರ ತಡೆಯಲು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಬಡ್ಡಿ ದರ ಏರಿಸುತ್ತಿತ್ತು. ಬೆಳವಣಿಗೆಯ ನಿರೀಕ್ಷೆಯಿಂದ ಯೀಲ್ಡ್ ಏರಿದರೆ ಷೇರಿಗೆ ಧೈರ್ಯ, ದರದ ಭಯದಿಂದ ಏರಿದರೆ ಹೊರೆ. ನಿಫ್ಟಿ ಮತ್ತು ಯೀಲ್ಡ್ ಚಾರ್ಟನ್ನು ಒಂದರ ಕೆಳಗೊಂದು ಇಟ್ಟು, ಎರಡೂ ಒಂದೇ ದಿಕ್ಕಿಗೆ ಹೋಗುತ್ತಿವೆಯೇ ಎಂದು ಮೊದಲು ನೋಡಿ. ಆಮೇಲೆ ಆ ದಿನ ರಿಸರ್ವ್ ಬ್ಯಾಂಕ್ ನೀತಿಯೋ, ಹಣದುಬ್ಬರದ ಅಂಕಿಯೋ, ಸರ್ಕಾರಿ ಸಾಲದ ಹರಾಜೋ ಇತ್ತೇ ಎಂದು ಹುಡುಕಿ.

ಚಾರ್ಟಿನಲ್ಲೇ ಎಡವುವಂಥ ಎರಡು ಜಾಗಗಳಿವೆ. ಶೇಕಡಾವಾರು ಬದಲಾವಣೆಯ ಆಯ್ಕೆಯಲ್ಲಿ 7.00ರಿಂದ 7.14ಕ್ಕೆ ಹೋದದ್ದು ‘ಶೇ 2 ಏರಿಕೆ’ ಎಂದು ಬರುತ್ತದೆ; ವಾಸ್ತವದಲ್ಲಿ ಅದು 14 ಬೇಸಿಸ್ ಪಾಯಿಂಟ್, ಅಂದರೆ 0.14 ಶೇಕಡಾ ಅಂಶ ಅಷ್ಟೆ. ಇನ್ನೊಂದು, ಹೊಸ 10 ವರ್ಷದ ಬಾಂಡ್ ಬಂದು, ಚಾರ್ಟ್ ಹಳೆಯದರ ಬದಲು ಅದನ್ನೇ ಮಾನದಂಡವಾಗಿ ತೋರಿಸತೊಡಗಿದ ದಿನ ಗೆರೆ ತಟ್ಟನೆ ಜಿಗಿಯಬಹುದು. ಆ ಜಿಗಿತಕ್ಕೂ ಮಾರುಕಟ್ಟೆಯ ಮನಸ್ಸಿಗೂ ಸಂಬಂಧವಿಲ್ಲ.

ಸಾಗರದಿಂದ: ಒಪ್ಪಿದೆ. ಆದರೆ ನಮ್ಮ ದೇಶದ ಯೀಲ್ಡ್ ಅಷ್ಟು ನಂಬಬಹುದಾ?

ಶಿವಮೊಗ್ಗದ ಇನ್ನೊಬ್ಬರು: ಅಮೆರಿಕದಷ್ಟಲ್ಲ. ಬ್ಯಾಂಕುಗಳು ಠೇವಣಿಯ ಒಂದು ಪಾಲನ್ನು ಸರ್ಕಾರಿ ಬಾಂಡಿನಂಥ ಸುರಕ್ಷಿತ ಆಸ್ತಿಯಲ್ಲಿ ಇಡಬೇಕೆನ್ನುವ ಎಸ್‌ಎಲ್‌ಆರ್ ನಿಯಮಕ್ಕಾಗಿಯೇ ಈ ಬಾಂಡುಗಳನ್ನು ಇಟ್ಟುಕೊಳ್ಳಬೇಕು, ಅವರ ಖರೀದಿಯಲ್ಲಿ ಭಯ-ಧೈರ್ಯದ ಪಾಲು ಕಡಿಮೆ. ನಿಫ್ಟಿಯವರು ಅಮೆರಿಕದ ಚಾರ್ಟನ್ನೂ ಜೊತೆಗೆ ನೋಡುವುದು ಅದಕ್ಕೇ.

ತೀರ್ಥಹಳ್ಳಿಯಿಂದ: ‘ರಿಸ್ಕ್ ಅಪೆಟೈಟ್’ಗೆ ‘ಹುಮ್ಮಸ್ಸು’ ಆಗದೇ?

ಪ್ರಶ್ನೆ ಕೇಳಿದವರು: ಹುಮ್ಮಸ್ಸಿನಲ್ಲಿ ಅಪಾಯವೇ ಕಾಣುವುದಿಲ್ಲವಲ್ಲ. ‘ಅಪಾಯಕ್ಕೆ ಒಡ್ಡಿಕೊಳ್ಳುವ ಮನಸ್ಸು’ ಉದ್ದವಾಯಿತು. ಬೇರೆ ಯಾರಾದರೂ?