ಸಹಾಯ ಬೇಕು: ದೊಡ್ಡವರು ಕೂತು ನೋಡೋ ಬೊಂಬೆ ಅನಿಮೇಷನ್

ಅಪ್ಪ-ಅಮ್ಮನಿಗೆ ಅನಿಮೇಷನ್ ಅಂದ್ರೆ ಮಕ್ಕಳ ಕಾರ್ಟೂನ್ ಅಷ್ಟೇ. ಮೊನ್ನೆ ಜೆಕ್ ನಿರ್ದೇಶಕ ಟ್ರಂಕಾ ಅವರ 1965ರ ‘ದ ಹ್ಯಾಂಡ್’ ತೋರಿಸಿದೆ. ಹೂಕುಂಡ ಮಾಡೋ ಬಡಪಾಯಿಗೆ ದೈತ್ಯ ಕೈಯೊಂದು, ತನ್ನದೇ ಪ್ರತಿಮೆ ಮಾಡು ಅಂತ ಕಾಡುತ್ತೆ. ಮಾತಿಲ್ಲ, ಬೊಂಬೆಯ ಮುಖವೂ ಬದಲಾಗಲ್ಲ. ಆದ್ರೂ ಬೆಳಕು, ತಲೆ ಬಾಗೋ ರೀತಿಯಲ್ಲೇ ಭಯ ಗೊತ್ತಾಗುತ್ತೆ. ಟ್ರಂಕಾ ತೀರಿಕೊಂಡ ಮೇಲೆ ಅದನ್ನ ಅಲ್ಲಿ ನಿಷೇಧಿಸಿದ್ರು ಅಂದಾಗ ಅಪ್ಪ ಇನ್ನೊಂದ್ಸಲ ಹಾಕಿಸಿಕೊಂಡು ನೋಡಿದ್ರು.

ಈಗ ಪೂರ್ತಿ ಉದ್ದದ ಸಿನಿಮಾ ಕೇಳ್ತಿದ್ದಾರೆ. ‘ಅಡಲ್ಟ್ ಅನಿಮೇಷನ್’ ಅಂತ ಹುಡುಕಿದ್ರೆ ಬರೀ ರಕ್ತಪಾತ, ಅಶ್ಲೀಲ ಜೋಕು. ಶ್ವಾಂಕ್‌ಮಾಯರ್ ಅವರ 1988ರ ‘ಆಲಿಸ್’ ನಾನೇ ಮೊದಲು ನೋಡಿದೆ. ಅದ್ಭುತವಾಗಿದೆ, ಆದ್ರೆ ಮೊಲದ ಹೊಟ್ಟೆಯಿಂದ ಮರದ ಪುಡಿ ಸೋರೋದನ್ನ ಅಮ್ಮ ಸಹಿಸಲ್ಲ.

ವಿಷಯ ಗಂಭೀರವಾಗಿರೋ, ಆದ್ರೆ ಅಸಹ್ಯ ಹುಟ್ಟಿಸದ, ಒಂದು ಗಂಟೆ ಮೀರಿದ ಪೂರ್ವ ಯುರೋಪಿನ ಅನಿಮೇಷನ್ ಯಾವುದಿದೆ? ನೀವೇ ನೋಡಿರೋದನ್ನ ಹೇಳ್ತೀರಾ?